ಕಾದಂಬರಿಯ ನಡುಭಾಗದ ರಿಪೇರಿ: ಒಂದು ತಪ್ಪು ತಿಳಿವಳಿಕೆ ಕಿತ್ತು, ಎರಡು ಸ್ವಭಾವ ಕೂರಿಸಿದ ದಾಖಲೆ

ರಿಪೇರಿಗೆ ತೆಗೆದುಕೊಂಡ ಕರಡು 26 ಅಧ್ಯಾಯದ ಒಂದು ಪ್ರೇಮಕಥೆ, ಸುಮಾರು 62,000 ಪದ. ನಡೆಯುವುದು ಮಲೆನಾಡಿನ ಸಾಗರದ ಕಡೆಯ ಒಂದು ಅಡಿಕೆ ಊರಿನಲ್ಲಿ. ವಸುಧಾಗೆ 31 ವರ್ಷ. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿನ ಕೆಲಸ ಬಿಟ್ಟು ಬಂದು ಎರಡು ಎಕರೆ ತೋಟ ನೋಡಿಕೊಳ್ಳುತ್ತಿದ್ದಾಳೆ. ಪಕ್ಕದ ತೋಟದ ರಘುರಾಮನಿಗೆ 34. ಮೊದಲ ಎಂಟು ಅಧ್ಯಾಯ ಚೆನ್ನಾಗಿವೆ, ಕೊನೆಯ ಎಂಟೂ ಪರವಾಗಿಲ್ಲ. ಕುಸಿದಿರುವುದು 9ರಿಂದ 18ರವರೆಗಿನ ಹತ್ತು ಅಧ್ಯಾಯ. ಓದುಗರು ಪುಸ್ತಕ ಮಗುಚಿಡುವುದು ಸಾಮಾನ್ಯವಾಗಿ ಇಂಥ ಜಾಗದಲ್ಲೇ.

ಬಂದಾಗ ಹೇಗಿತ್ತು

11ನೇ ಅಧ್ಯಾಯದಲ್ಲಿ ವಸುಧಾ ಪೇಟೆಗೆ ಹೋಗುತ್ತಾಳೆ. ಅಲ್ಲಿ ರಘು ಒಬ್ಬ ಹುಡುಗಿಯ ಜೊತೆ ಚಿನ್ನದಂಗಡಿಯಿಂದ ಹೊರಬರುವುದು ಕಾಣುತ್ತದೆ. ಮಾತು ನಿಲ್ಲಿಸುತ್ತಾಳೆ. ಅವನಿಗೆ ಕಾರಣ ಗೊತ್ತಾಗುವುದಿಲ್ಲ, ಕೇಳುವುದೂ ಇಲ್ಲ. 17ರಲ್ಲಿ ಆ ಹುಡುಗಿ ಅವನ ಚಿಕ್ಕಪ್ಪನ ಮಗಳು ಎಂದು ತಿಳಿದು ಎಲ್ಲ ಸರಿಹೋಗುತ್ತದೆ.

ಇದನ್ನು ‘ಹಳೇ ಫಾರ್ಮುಲಾ’ ಎಂದು ಬಿಟ್ಟರೆ ರಿಪೇರಿಗೆ ದಾರಿ ಸಿಗುವುದಿಲ್ಲ. ಎಲ್ಲಿ ಸೋರುತ್ತಿದೆ ಎಂದು ಎಣಿಸಿ ನೋಡಬೇಕು. ಹತ್ತು ಅಧ್ಯಾಯಗಳಲ್ಲಿ ಒಟ್ಟು 27 ದೃಶ್ಯ. ಇಬ್ಬರೂ ಒಂದೇ ಜಾಗದಲ್ಲಿ ಇರುವುದು ಒಂಬತ್ತರಲ್ಲಿ. 11ರಿಂದ 16ರ ನಡುವೆ ಬರೀ ಎರಡರಲ್ಲಿ. ಅಂದರೆ ನಿಧಾನವಾಗಿ ಕಾವೇರಬೇಕಾದ ಜಾಗದಲ್ಲೇ ಒಲೆಯಿಂದ ಪಾತ್ರೆ ಕೆಳಗಿಳಿದಿದೆ. ತಪ್ಪು ತಿಳಿವಳಿಕೆಯ ದೊಡ್ಡ ನಷ್ಟ ಇದೇ. ಅದು ಬಾಳಬೇಕಾದರೆ ಇಬ್ಬರೂ ದೂರ ಇರಲೇಬೇಕು, ಎದುರುಬದುರು ಕೂತರೆ ಸತ್ಯ ಹೊರಬಿದ್ದು ಕಥೆ ಮುಗಿದುಬಿಡುತ್ತದೆ. ಸ್ವಭಾವದಿಂದ ಹುಟ್ಟಿದ ಅಡ್ಡಿ ಹಾಗಲ್ಲ, ಹತ್ತಿರ ಬಂದಷ್ಟೂ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಇಬ್ಬರನ್ನೂ ಪುಟದ ಮೇಲೆ ಒಟ್ಟಿಗೆ ಇಟ್ಟುಕೊಳ್ಳಬಹುದು.

ಎರಡನೆಯ ಪರೀಕ್ಷೆ ಐದು ನಿಮಿಷದ್ದು. ಇಬ್ಬರನ್ನೂ ಒಂದು ಜಗಲಿಯಲ್ಲಿ ಕೂರಿಸಿ, ಇಬ್ಬರೂ ನಿಜವನ್ನೇ ಹೇಳಿದರು ಎಂದುಕೊಳ್ಳಿ. ಐದು ನಿಮಿಷದಲ್ಲಿ ಅಡ್ಡಿ ಕರಗಿತೋ, ಅದು ಅಡ್ಡಿಯಲ್ಲ, ಬರೀ ತಡ. ಮಾತು ಮುಗಿದ ಮೇಲೂ ಅಡ್ಡಿ ಅಲ್ಲೇ ಇದ್ದರೆ, ಇನ್ನಷ್ಟು ಗಟ್ಟಿಯಾದರೆ, ಅದರ ಮೇಲೆ ಹತ್ತು ಅಧ್ಯಾಯ ನಿಲ್ಲಿಸಬಹುದು. ಚಿನ್ನದಂಗಡಿ ಎರಡೇ ನಿಮಿಷಕ್ಕೆ ಬಿತ್ತು.

ಕಿತ್ತದ್ದು, ಉಳಿಸಿದ್ದು

ಚಿನ್ನದಂಗಡಿ ಹೋಯಿತು. ಅದಕ್ಕೆ ಜೋತುಬಿದ್ದಿದ್ದ ಮೌನ, ಕಿಟಕಿ ಪಕ್ಕದ ಕಣ್ಣೀರು, ಬುದ್ಧಿ ಹೇಳುವ ಗೆಳತಿಯ ಮೂರು ಫೋನ್ ಕರೆ, ಎಲ್ಲ ಹೋಯಿತು. ಸುಮಾರು 13,000 ಪದ. ಚಿಕ್ಕಪ್ಪನ ಮಗಳನ್ನು ಉಳಿಸಿಕೊಂಡು, ಮೊದಲ ದಿನದಿಂದಲೇ ವಸುಧಾಗೆ ಅವಳು ಯಾರೆಂದು ಗೊತ್ತಿರುವಂತೆ ಮಾಡಿದ್ದಾಯಿತು. ಇದು ಮುಖ್ಯ. ಹಳೆಯ ಗುಟ್ಟಿನ ಚೂರೊಂದು ಉಳಿದರೂ ಓದುಗ ಅದನ್ನೇ ಹಿಡಿದು, ಇನ್ನೇನೋ ಬಯಲಾಗಲಿದೆ ಎಂದು ಕಾಯುತ್ತಾನೆ.

ಉಳಿಸಿದ್ದರಲ್ಲಿ ದೊಡ್ಡದು ಕರಡಿನ ತೋಟ. ಅಡಿಕೆಯ ಕೆಲಸ ಬರೀ ಹಿನ್ನೆಲೆಯಾಗಿ ಬಿದ್ದಿತ್ತು. ಮಳೆಗೆ ಮುಂಚೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೆಯ ಸಲ, ಚೌತಿ, ದೀಪಾವಳಿ, ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಇದು ಮೇ ಕೊನೆಯಿಂದ ಚಳಿಗಾಲದವರೆಗಿನ ಸಿದ್ಧ ಪಂಚಾಂಗ. ಇಬ್ಬರನ್ನು ಮತ್ತೆ ಮತ್ತೆ ಎದುರಾಗಿಸಲು ನೆಪ ಹುಡುಕಬೇಕಾಗಿಯೇ ಇಲ್ಲ. ಮಳೆ ನಿಂತ ಹೊಳವು ಎಷ್ಟು ಗಂಟೆ ಇರುತ್ತದೋ ಅಷ್ಟರಲ್ಲಿ ಕೆಲಸ ಮುಗಿಯಬೇಕು, ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಬರುವ ದಿನವೇ ಕೊಯ್ಲಾಗಬೇಕು. ಕಥೆಗೆ ಬೇಕಾದ ಗಡುವುಗಳನ್ನು ತೋಟವೇ ಕೊಡುತ್ತದೆ.

ಬೇರು ಹುಡುಕಿದ್ದು

ಹೊಸ ಅಡ್ಡಿಯನ್ನು ಹೊರಗಿನಿಂದ ತರಬಾರದು. ಮೊದಲ ಎಂಟು ಅಧ್ಯಾಯದಲ್ಲಿ ಆಗಲೇ ಇರುವ ನಡವಳಿಕೆಯಲ್ಲೇ ಅದು ಸಿಗಬೇಕು. ಅದಕ್ಕಾಗಿ ಆ ಎಂಟನ್ನೂ ಮತ್ತೆ ಓದಿ, ಪ್ರತಿಯೊಬ್ಬರೂ ಒತ್ತಡ ಬಂದಾಗ ಮೊದಲು ಏನು ಮಾಡುತ್ತಾರೆ ಎಂಬುದನ್ನಷ್ಟೇ ಪಟ್ಟಿ ಮಾಡಲಾಯಿತು. ಏನು ಯೋಚಿಸುತ್ತಾರೆ ಎಂಬುದು ಇಲ್ಲಿ ಬೇಡ.

ರಘು ಐದು ಕಡೆ ಸಿಕ್ಕ. ಐದರಲ್ಲೂ ಅವನು ಕೇಳದೆ ಮಾಡಿಬಿಡುತ್ತಾನೆ. ಯಾರದೋ ಪಂಪ್‌ಸೆಟ್ ಕೆಟ್ಟರೆ ಅವರು ಏಳುವ ಹೊತ್ತಿಗೆ ಬಿಚ್ಚಿಟ್ಟಿರುತ್ತಾನೆ. ಹತ್ತೊಂಬತ್ತನೇ ವಯಸ್ಸಿಗೆ ಅಪ್ಪ ಹಾಸಿಗೆ ಹಿಡಿದ ಮೇಲೆ ಮನೆ ನಡೆಸಿದವನು. ಕೇಳುತ್ತಾ ಕೂತರೆ ಬೆಳೆ ಹೋಗುತ್ತದೆ ಎಂಬುದು ಅವನು ಕಲಿತ ಪಾಠ. ವಸುಧಾ ನಾಲ್ಕು ಕಡೆ ಸಿಕ್ಕಳು. ನಾಲ್ಕರಲ್ಲೂ ಅವಳು ಲೆಕ್ಕ ಚುಕ್ತಾ ಮಾಡುತ್ತಾಳೆ. ಪಕ್ಕದ ಮನೆಯ ಮಜ್ಜಿಗೆ ಪಾತ್ರೆ ಖಾಲಿ ವಾಪಸ್ ಹೋಗುವುದಿಲ್ಲ. ಅಪ್ಪ ಕಷ್ಟದಲ್ಲಿದ್ದ ಕೆಲವು ವರ್ಷ ಅವಳೂ ತಾಯಿಯೂ ಸೋದರಮಾವನ ಮನೆಯಲ್ಲಿದ್ದರು. ಅಲ್ಲಿ ಉಂಡ ಅನ್ನವನ್ನು ಹತ್ತು ಜನರೆದುರು ಎತ್ತಿ ಆಡಿದ್ದನ್ನು ಅವಳು ಕೇಳಿದ್ದಾಳೆ.

ಎರಡೂ ಗುಣ ಮೂಲ ಕರಡಿನಲ್ಲೇ ಇದ್ದವು, ಬರೆದವರು ಗಮನಿಸಿರಲಿಲ್ಲ ಅಷ್ಟೆ. ಒಬ್ಬ ಕೇಳದೆ ಮಾಡುವವನು, ಒಬ್ಬಳು ಋಣ ಉಳಿಸಿಕೊಳ್ಳದವಳು. ಇಬ್ಬರಲ್ಲೂ ಕೆಟ್ಟತನವಿಲ್ಲ, ಇಬ್ಬರಿಗೂ ತಕ್ಕ ಕಾರಣವಿದೆ, ಆದರೂ ಅವನ ಒಳ್ಳೆಯತನ ಅವಳ ಗಾಯಕ್ಕೇ ಹೋಗಿ ತಾಗುತ್ತದೆ.

ಇಲ್ಲಿ ಇನ್ನೊಂದು ಕೀಲು ಕೂರಬೇಕು, ಇಲ್ಲದಿದ್ದರೆ ನಡುಭಾಗ ಬರೀ ಜಗಳವಾಗುತ್ತದೆ. ಅಡ್ಡಿ ಹುಟ್ಟುವ ಗುಣವೇ ಆಕರ್ಷಣೆಯೂ ಆಗಿರಬೇಕು. ಊರಿಡೀ ರಘುವನ್ನು ಬಿಟ್ಟಿ ದುಡಿಸಿಕೊಂಡಿದೆ. ‘ಇವತ್ತು ನಿಮಗೆ ಎಷ್ಟು ಖರ್ಚಾಯಿತು?’ ಎಂದು ಕೇಳಿದವಳು ಇವಳೊಬ್ಬಳೇ. ಎಲ್ಲವನ್ನೂ ಒಬ್ಬಳೇ ತೂಗಿ ಅಳೆದು ಮಾಡುವ ವಸುಧಾಗೆ, ಹೇಳುವ ಮುಂಚೆ ಮುಗಿದಿರುವ ಕೆಲಸ ಎಂದರೆ ಎಷ್ಟು ಹಗುರ ಎಂದು ಗೊತ್ತಾದದ್ದು ಇವನಿಂದ. ಈಗ ಒಂದೇ ದೃಶ್ಯ ಇಬ್ಬರನ್ನೂ ಹತ್ತಿರ ಎಳೆದು ದೂರವೂ ತಳ್ಳಬಲ್ಲದು.

ಹತ್ತಿರದಿಂದ: ಚಾಕು

9ನೇ ಅಧ್ಯಾಯದ ಹಳೆಯ ರೂಪದಲ್ಲಿ ಔಷಧಿ ಕಲಸುವಾಗ ಅವನ ಕೈ ತಾಗಿ ಅವಳ ಮೈಯಲ್ಲಿ ಮಿಂಚು ಹರಿದಿತ್ತು. ಆ ವಾಕ್ಯ ಯಾವ ಕಥೆಗೂ ಸಲ್ಲುತ್ತದೆ, ಆದ್ದರಿಂದಲೇ ಈ ಕಥೆಗೆ ಸಲ್ಲುವುದಿಲ್ಲ. ಹೊಸ ರೂಪವನ್ನು ಕೆಲಸದ ಒಳಗಿಂದಲೇ ಕಟ್ಟಲಾಯಿತು. ಶೇಕಡಾ ಒಂದರ ಬೋರ್ಡೋ ಎಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹದ ನೋಡಲು ಚಾಕುವಿನ ಅಲಗನ್ನು ಅದ್ದುತ್ತಾರೆ. ಕಬ್ಬಿಣದ ಮೇಲೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ.

> ಅವಳು ಅಳೆದ ಸುಣ್ಣ ಸರಿಯಾಗಿ ಒಂದು ಕಿಲೋ. ತಕ್ಕಡಿಯ ಮುಳ್ಳು ನಡುವೆ ನಿಲ್ಲುವವರೆಗೆ ಕಾದಿದ್ದಳು. ರಘು ಚಾಕು ಅದ್ದಿ, ಎತ್ತಿ, ಬೆಳಕಿಗೆ ಹಿಡಿದ. ಅಲಗಿನ ಮೇಲೆ ತೆಳ್ಳಗೆ ಕೆಂಪು.
>
> ಏನೂ ಹೇಳದೆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಸುಣ್ಣ ಅವಳ ಡ್ರಮ್ಮಿಗೆ ಹಾಕಿ ಕೋಲಾಡಿಸಿದ. ಮತ್ತೆ ಅದ್ದಿದ. ಈ ಸಲ ಅಲಗು ಬೆಳ್ಳಗೆ ಬಂತು.
>
> “ಅದು ಎಷ್ಟು?” ಅಂದಳು.
>
> “ಯಾವುದು?”
>
> “ಈಗ ಹಾಕಿದ್ದು. ನಿಮ್ಮ ಚೀಲದ್ದು.”
>
> ಅವನು ತನ್ನ ಬಿಳಿ ಅಂಗೈಯನ್ನು ನೋಡಿಕೊಂಡ. “ಒಂದು ಹಿಡಿ.”
>
> ಅವಳು ಪುಸ್ತಕ ತೆಗೆದು ಬರೆದಳು: ಸುಣ್ಣ, ಒಂದು ಹಿಡಿ, ರಘು. ಅವನಿಗೆ ನಗು ಬಂತು. ಮನೆಗೆ ಹೋಗುವಾಗ ಆ ನಗು ನಿಂತಿತು. ಅವನ ಹೆಸರನ್ನು ಯಾರಾದರೂ ಹೀಗೆ ಬರೆದಿಟ್ಟು ಎಷ್ಟು ವರ್ಷವಾಗಿತ್ತು.

ಪ್ರೀತಿ ಎಂಬ ಮಾತೇ ಇಲ್ಲಿಲ್ಲ. ಅವನು ಕೇಳದೆ ಹಾಕಿದ, ಅವಳು ಬರೆದಿಟ್ಟಳು. ಮುಂದೆ ಕಥೆ ಒಡೆಯುವುದೂ ಈ ಎರಡು ಕೆಲಸದಿಂದಲೇ, ಇಲ್ಲಿ ಅವು ಮುದ್ದಾಗಿ ಕಾಣುತ್ತವೆ ಅಷ್ಟೆ. ಅಡ್ಡಿಯನ್ನು ಹೀಗೆ ಸಣ್ಣದಾಗಿ, ಸಿಹಿಯಾಗಿ ಮೊದಲೇ ತೋರಿಸಿದ್ದರೆ ಆಮೇಲೆ ಅದು ದೊಡ್ಡದಾಗಿ ಬಂದಾಗ ಬರಹಗಾರ ತುರುಕಿದ ಹಾಗೆ ಕಾಣುವುದಿಲ್ಲ.

ಮುರಿಯುವ ಜಾಗ

12ನೇ ಅಧ್ಯಾಯ, ಜುಲೈ ನಡುವೆ, ಎರಡನೆಯ ಔಷಧಿಯ ಹೊತ್ತು. ವಸುಧಾ ತಾಯಿಯ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೋಗಿದ್ದಾಳೆ. ಔಷಧಿ ಹೊಡೆಯುವವನಿಗೆ ಮುಂಗಡ ಕೊಟ್ಟು ನಾಡಿದ್ದು ಬರಲು ಹೇಳಿದ್ದಾಳೆ. ಅವಳು ಊರಲ್ಲಿಲ್ಲದ ಆ ದಿನವೇ ಬೆಳಿಗ್ಗೆ ಮಳೆ ಹೊಳವಾಗುತ್ತದೆ. ರಘು ತನ್ನ ಆಳುಗಳನ್ನು ಕರೆದು ಅವಳ ಎರಡೂ ಎಕರೆ ಮುಗಿಸಿಬಿಡುತ್ತಾನೆ. ಸಂಜೆಯಿಂದ ಮತ್ತೆ ಜಡಿಮಳೆ. ಬೆಳೆ ಉಳಿದದ್ದು ಅವನಿಂದಲೇ. ಮುಂಗಡ ಪಡೆದಿದ್ದವನಿಗೆ ಕೆಲಸವಿಲ್ಲ, ಅವಳ ಮಾತಿಗೆ ಊರಿನಲ್ಲಿ ಬೆಲೆ ಹೋಯಿತು.

ಈ ದೃಶ್ಯಕ್ಕೆ ಮೂರು ಸಲ ಕೈ ಹಾಕಬೇಕಾಯಿತು. ಮೊದಲ ಸಲ ಬೆಳೆ ಉಳಿದದ್ದು ಅವಳಿಗೆ ಗೊತ್ತಿಲ್ಲದೆ ಸಿಟ್ಟಾಗಿದ್ದಳು, ಅಂದರೆ ತಪ್ಪು ತಿಳಿವಳಿಕೆ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂದಿತ್ತು. ಎರಡನೆಯ ಸಲ ಅವಳು “ಸೋದರಮಾವನ ಮನೆಯಲ್ಲಿ ಆದದ್ದು ನನ್ನಲ್ಲಿ ಇನ್ನೂ ಇದೆ” ಎಂದು ತನ್ನ ಮನಸ್ಸನ್ನು ತಾನೇ ವಿವರಿಸಿದ್ದಳು. ತನ್ನ ಗಾಯವನ್ನು ಅಷ್ಟು ಚೆನ್ನಾಗಿ ಬಲ್ಲವಳಿಗೆ ಮುಂದಿನ ಆರು ಅಧ್ಯಾಯ ಯಾಕೆ ಬೇಕು? ಮೂರನೆಯ ರೂಪ ನಿಂತಿತು:

> “ಹೊಳವಾಗಿತ್ತು. ಬಿಟ್ಟಿದ್ರೆ ಕೊಳೆ ಬರ್ತಿತ್ತು.”
>
> “ಗೊತ್ತು.”
>
> “ಮತ್ತೆ?”
>
> “ನನ್ನ ನಂಬರ್ ನಿಮ್ಮ ಹತ್ರ ಇತ್ತಲ್ಲ.”
>
> “ಇತ್ತು.”
>
> “ಒಂದು ಫೋನ್ ಮಾಡಬಹುದಿತ್ತು.”
>
> ರಘು ಬಹಳ ಹೊತ್ತು ಕಾಲಿನ ಮಣ್ಣು ಕೆರೆಯುತ್ತ ನಿಂತ.
>
> “ನೀವು ಬೇಡ ಅಂದುಬಿಟ್ರೆ ಅಂತ ಮಾಡ್ಲಿಲ್ಲ.”

ಕೊನೆಯ ಸಾಲಿನಲ್ಲಿ ಸತ್ಯ ಪೂರ್ತಿ ಹೊರಬಿದ್ದಿದೆ. ಅವಳು ಬೇಡ ಎನ್ನುತ್ತಾಳೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಕೇಳಲಿಲ್ಲ. ಅವಳು ಅವನನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಳು, ನೋವು ಹೆಚ್ಚಾದದ್ದು ಅದರಿಂದ. ಹಳೆಯ ಕರಡಿನಲ್ಲಿ ಒಂದು ಫೋನ್ ಕರೆ ಆಗಿದ್ದರೆ ಎಲ್ಲ ಮುಗಿಯುತ್ತಿತ್ತು. ಇಲ್ಲಿ ಅದೇ ಫೋನು ಅವನ ಜೇಬಿನಲ್ಲೇ ಇತ್ತು.

ಒಂದೇ ಜಗಳ ಮೂರು ಸಲ

13ರಿಂದ 16ರವರೆಗಿನ ಮೊದಲ ಜೋಡಣೆ ಕೆಟ್ಟಿತು. ಅವನು ಕೇಳದೆ ಮಾಡುತ್ತಾನೆ, ಅವಳು ಸಿಟ್ಟಾಗುತ್ತಾಳೆ, ಮತ್ತೆ ಅದೇ. ಸ್ವಭಾವದ ಅಡ್ಡಿಗೆ ಇರುವ ಅಪಾಯ ಇದು. ಸ್ವಭಾವ ಬದಲಾಗುವುದು ನಿಧಾನ, ಹಾಗಾಗಿ ದೃಶ್ಯಗಳು ಗಾಣದೆತ್ತಿನ ಹಾಗೆ ಸುತ್ತತೊಡಗುತ್ತವೆ. ಪತ್ತೆ ಹಚ್ಚುವುದು ಸುಲಭ: ಎರಡು ಜಗಳದ ದೃಶ್ಯಗಳ ಜಾಗ ಅದಲುಬದಲು ಮಾಡಿ ನೋಡಿ. ಏನೂ ಕೆಡದಿದ್ದರೆ ಒಂದು ಹೆಚ್ಚಾಗಿದೆ.

ಪ್ರತಿ ಸಲವೂ ಹಿಂದಕ್ಕೆ ಹೋಗಲಾಗದ ಒಂದು ಸಂಗತಿ ನಡೆಯಬೇಕು ಎಂಬ ನಿಯಮ ಹಾಕಿ ಮತ್ತೆ ಜೋಡಿಸಲಾಯಿತು. 13ರಲ್ಲಿ ವಸುಧಾ ಔಷಧಿಯ ಬೆಲೆ, ಆಳುಗಳ ಕೂಲಿ, ರಘುವಿನ ಒಂದು ದಿನದ ಕೂಲಿ ಕೂಡಿಸಿ ತಮ್ಮನ ಕೈಯಲ್ಲಿ ಕಳಿಸುತ್ತಾಳೆ. ಅವನು ವಾಪಸ್ ಕಳಿಸುತ್ತಾನೆಂದು ಅವಳೂ ಓದುಗರೂ ಎಣಿಸಿರುತ್ತಾರೆ. ಅವನು ಎಣಿಸಿ ತೆಗೆದುಕೊಳ್ಳುತ್ತಾನೆ. ಅವಳು ಕೇಳಿದ್ದನ್ನೇ ಅವನು ಮಾಡಿದ್ದಾನೆ, ಅವಳಿಗೆ ಮಾತ್ರ ಎದೆ ಖಾಲಿಯಾದ ಹಾಗೆ.

15ರಲ್ಲಿ, ಚೌತಿ ಕಳೆದ ಮೇಲೆ, ದಾರಿ ಹುಡುಕುವವಳು ಅವಳೇ: ಮುಯ್ಯಾಳು. ಮಲೆನಾಡಿನಲ್ಲಿ ಇದು ಇರುವ ಪದ್ಧತಿ. ಅವರ ಮನೆ ಕೆಲಸಕ್ಕೆ ನಾವು, ನಮ್ಮ ಮನೆ ಕೆಲಸಕ್ಕೆ ಅವರು. ದುಡ್ಡಿಲ್ಲ, ದಾನವೂ ಅಲ್ಲ. ಅವಳ ಲೆಕ್ಕಕ್ಕೂ ಅವನ ಕೈಗೂ ಒಪ್ಪುವ ಏರ್ಪಾಡು ಊರಿನಲ್ಲೇ ಇತ್ತು. ಓದುಗ ಇಲ್ಲಿ ಉಸಿರು ಬಿಡುತ್ತಾನೆ, ಬಿಡಲಿ. 16ರಲ್ಲಿ ಕೊಯ್ಲಾಗಿ ಸುಲಿಯುವ ರಾತ್ರಿಗಳು. ಸಾಲಾಗಿ ಮೆಟಗತ್ತಿಗಳು, ಚಳಿ, ಹರಟೆ. ಇಡೀ ನಡುಭಾಗದ ಅತ್ಯಂತ ಬೆಚ್ಚಗಿನ ಅಧ್ಯಾಯ ಇದು. ಅದಕ್ಕೆ 3,000 ಪದ ಕೊಡಲಾಗಿದೆ, ಉಳಿದವಕ್ಕಿಂತ ಹೆಚ್ಚು. ಘರ್ಷಣೆ ಒಂದಾದರೆ ಹತ್ತಿರವಾಗುವ ದೃಶ್ಯ ಎರಡು ಎಂಬ ಅಳತೆ ಇಲ್ಲಿ ಕೆಲಸ ಮಾಡಿತು. ಇದಕ್ಕಿಂತ ಕಡಿಮೆ ಇಟ್ಟಾಗ, ಇವರು ಯಾಕೆ ಒಟ್ಟಿಗೆ ಇರಬೇಕು ಎಂದೇ ಅನ್ನಿಸುತ್ತಿತ್ತು.

ಅದೇ ಅಧ್ಯಾಯದ ಕೊನೆಗೆ ಅವಳು ಸುಲಿದ ಡಬ್ಬಗಳನ್ನು ಎಣಿಸುತ್ತಾಳೆ. ಅವಳ ಲೆಕ್ಕಕ್ಕಿಂತ ಮೂರು ಡಬ್ಬ ಹೆಚ್ಚಿದೆ. ಎಲ್ಲರೂ ಹೋದ ಮೇಲೆ ಅವನು ಕೂತು ಸುಲಿದಿದ್ದಾನೆ. ಈ ಸಲ ಅವಳು ಜಗಳವಾಡುವುದಿಲ್ಲ, “ಮೂರು ಡಬ್ಬ” ಎಂದಷ್ಟೇ ಹೇಳುತ್ತಾಳೆ. ಅವನೂ ತಪ್ಪಿಸಿಕೊಳ್ಳದೆ, ಇನ್ನು ಮೇಲೆ ಕೇಳದೆ ಏನೂ ಮಾಡುವುದಿಲ್ಲ ಎಂದು ಮಾತು ಕೊಡುತ್ತಾನೆ. 15ನ್ನೂ 16ನ್ನೂ ಈಗ ಅದಲುಬದಲು ಮಾಡಲಾಗುವುದಿಲ್ಲ.

ನೀವು, ನೀನು, ಅಣ್ಣ

ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಕಾವು ಅಳೆಯುವ ಒಳ್ಳೆಯ ಸಾಧನ ಇದೆ, ಈ ಕರಡು ಅದನ್ನು ಹಾಳುಮಾಡಿಕೊಂಡಿತ್ತು. ಒಂದೇ ಪುಟದಲ್ಲಿ ವಸುಧಾ ‘ನೀವು’ ಎಂದು ಶುರುಮಾಡಿ ‘ನೀನು’ ಎಂದು ಮುಗಿಸಿದ್ದಳು. ಹತ್ತು ಅಧ್ಯಾಯದ ಪ್ರತಿ ಸಂಬೋಧನೆಗೂ ಗುರುತು ಹಾಕಿ ಸರಿಪಡಿಸಲಾಯಿತು. ಊರಿನ ಹುಡುಗಿಯರೆಲ್ಲ ಅವನನ್ನು ರಘಣ್ಣ ಎನ್ನುತ್ತಾರೆ, ವಸುಧಾಳ ತಮ್ಮನೂ ಸಹ. ಅವಳು ಮಾತ್ರ ಮೊದಲಿನಿಂದ ‘ರಘು ಅವರೇ’. ಅಣ್ಣ ಎನ್ನದಿರುವುದನ್ನು ಕಥೆ ಎಲ್ಲೂ ಎತ್ತಿ ತೋರಿಸುವುದಿಲ್ಲ. ಗಮನಿಸುವವಳು ಅವಳ ತಾಯಿ, ಅವರೂ ಏನೂ ಹೇಳುವುದಿಲ್ಲ.

11ರಲ್ಲಿ ಅವನ ಬಾಯಿಂದ ಒಮ್ಮೆ ‘ನೀನು’ ಜಾರುತ್ತದೆ, ಅವಳು ತಿರುಗಿ ಹಾಗೆ ಕರೆಯುವುದಿಲ್ಲ. 12ರ ಜಗಳದಲ್ಲಿ ಅವನು ‘ನೀವು’ಗೆ ಹಿಂದಿರುಗಿದ್ದಾನೆ, ಮೇಲಿನ ಸಂಭಾಷಣೆಯ ಕೊನೆಯ ಸಾಲಿನ ಚಳಿ ಅರ್ಧ ಅದರಿಂದ ಬಂದದ್ದು. 15ರಲ್ಲಿ ಮುಯ್ಯಾಳಿನ ಮಾತೆತ್ತುವಾಗ ಅವಳು ಮೊದಲ ಸಲ ‘ನೀನು ಬರ್ತೀಯಾ?’ ಎನ್ನುತ್ತಾಳೆ. ಅಲ್ಲಿಂದ ಮುಂದೆ ಇಬ್ಬರದೂ ಏಕವಚನ.

ಕೊನೆಯ ಜೋಡಣೆ

18ಕ್ಕೆ ಎರಡು ಬೇರುಗಳೂ ಒಟ್ಟಿಗೆ ಬಿಗಿಯಾಗಬೇಕಿತ್ತು. ಬೇಯಿಸಿದ ಅಡಿಕೆ ಅವಳ ಅಂಗಳದಲ್ಲಿ ಹರವಿದೆ. ತಮ್ಮ ಊರಲ್ಲಿಲ್ಲ. ನಡುರಾತ್ರಿ ಅಕಾಲದ ಮಳೆಯ ಹನಿ ಬೀಳುತ್ತದೆ. ನೆನೆದರೆ ಬೂಸು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಧಾರಣೆ ಸಿಗುವುದಿಲ್ಲ. ರಘು ಟಾರ್ಪಾಲು ಹೊತ್ತು ಓಡಿ ಬಂದು ಬೇಲಿಯ ದಣಪೆಯ ಆಚೆ ನಿಲ್ಲುತ್ತಾನೆ. ಒಂದು ಹೆಜ್ಜೆ ದಾಟಿದರೆ ಸಾಕು. ಮಾತು ಕೊಟ್ಟಿದ್ದಾನೆ, ದಾಟುವುದಿಲ್ಲ. “ಬರಲಾ?” ಎಂದು ಕೇಳುತ್ತಾನೆ.

ಅವನು ಬದಲಾಗಿದ್ದಾನೆ, ಅವಳು ಇನ್ನೂ ಇಲ್ಲ. ಯೋಚಿಸುವ ಮೊದಲೇ ಅವಳ ಬಾಯಿಗೆ ಬರುವುದು ‘ಬೇಡ’. ಅರ್ಧ ಅಂಗಳದ ಅಡಿಕೆ ಅವಳೊಬ್ಬಳೇ ಗುಡಿಸಿ ಒಳಗೆ ಹಾಕುತ್ತಾಳೆ, ಇನ್ನರ್ಧ ಅವರಿಬ್ಬರ ಕಣ್ಣೆದುರೇ ನೆನೆಯುತ್ತದೆ. ಹಳೆಯ ರಘು ಆಗಿದ್ದರೆ ಪೂರ್ತಿ ಉಳಿಯುತ್ತಿತ್ತು. ಇಬ್ಬರಿಗೂ ಅದು ಗೊತ್ತು.

ಮೊದಲು ಬರೆದಾಗ ಅವಳ ಸಾಲು “ಬೇಡ, ನೀವು ಹೋಗಿ” ಎಂದಿತ್ತು. ಸಿಟ್ಟಿನಿಂದ ದೂರ ತಳ್ಳಿದಂತೆ ಕೇಳುತ್ತಿತ್ತು. ಅವಳಿಗೆ ಸಿಟ್ಟಿಲ್ಲ. ಅದನ್ನು “ಬೇಡ, ನೆನೀತೀಯ, ನೀನು ಹೋಗು” ಎಂದು ತಿದ್ದಿದ ಮೇಲೆ ದೃಶ್ಯ ಕೂತಿತು.

ಈಗಿನ ಲೆಕ್ಕ: ಹತ್ತು ಅಧ್ಯಾಯ, 24 ದೃಶ್ಯ, ಇಬ್ಬರೂ ಇರುವವು 17. ಉಳಿದಿರುವ ಕೆಲಸ 14ನೇ ಅಧ್ಯಾಯದ್ದು. ಚೌತಿಯ ಊಟದ ದೃಶ್ಯದಲ್ಲಿ ಇಬ್ಬರ ಸ್ವಭಾವಕ್ಕೂ ಇನ್ನೂ ಏನೂ ಕೆಲಸವಿಲ್ಲ, ಬರೀ ಅಡುಗೆಯ ವರ್ಣನೆ ಇದೆ. 19 ಶುರುವಾಗುವುದು ಮರುದಿನ ಬೆಳಿಗ್ಗೆ: ನೆನೆದ ಅಡಿಕೆ ಮತ್ತೆ ಹರವಬೇಕು, ಬಿಸಿಲು ಹೆಚ್ಚು ಹೊತ್ತು ಇರುವುದಿಲ್ಲ, ಒಬ್ಬಳ ಕೈಲಿ ಆಗದು. ದಣಪೆಯವರೆಗೆ ನಡೆದು ಹೋಗಿ ಕರೆಯಬೇಕಾದವಳು ಅವಳು.